ರಾತ್ರಿಯಾದರೆ ಕೆರೆತ, ಬೆರಳ ಸಂದಿಯಲ್ಲಿ ಸಣ್ಣ ಗೆರೆ: ಕಜ್ಜಿಗೆ ಮನೆಮಂದಿಯೆಲ್ಲ ಒಂದೇ ರಾತ್ರಿ ಔಷಧಿ ಹಚ್ಚುವುದು ಹೇಗೆ

ನಮ್ಮ ಮನೆಯಲ್ಲಿ ಕಜ್ಜಿ ಎರಡು ಸಲ ಬಂತು. ಎರಡು ಸಲ ಬಂತು ಅನ್ನುವುದೂ ತಪ್ಪು, ಮೊದಲನೇ ಸಲ ಅದು ಹೋಗಿಯೇ ಇರಲಿಲ್ಲ. ಔಷಧಿ ಸರಿಯಾಗಿಯೇ ಇತ್ತು, ಹಚ್ಚಿದ ರೀತಿಯೂ ಹೆಚ್ಚುಕಮ್ಮಿ ಸರಿಯಾಗಿತ್ತು. ಆದರೆ ಕೆರೆದುಕೊಳ್ಳುತ್ತಿದ್ದ ಇಬ್ಬರಿಗೆ ಮಾತ್ರ ಹಚ್ಚಿದ್ದೆವು. ಈಗ ಇದೇ ತೊಂದರೆಯಲ್ಲಿ ಇರುವವರಿಗೆ ಉಪಯೋಗ ಆಗಲಿ ಅಂತ ಶುರುವಿನಿಂದ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಚರ್ಮದ ಡಾಕ್ಟರು ಹೇಳಿದ್ದು, ಆಮೇಲೆ ಓದಿ ತಿಳಿದಿದ್ದು, ಮನೆಯಲ್ಲಿ ಮಾಡಿ ನೋಡಿದ್ದು, ಇಷ್ಟು.

ನಮ್ಮದು ಅರಸೀಕೆರೆ ಕಡೆ. ಹದಿಮೂರು ವರ್ಷದ ಮಗ ಹಾಸ್ಟೆಲಿನಲ್ಲಿ ಓದುತ್ತಾನೆ. ದಸರಾ ರಜೆಗೆ ಬಂದಾಗಲೇ ಕೈ ಕೆರೆದುಕೊಳ್ಳುತ್ತಿದ್ದ. ಹಾಸ್ಟೆಲಿನ ನೀರು ಒಗ್ಗಿಲ್ಲ ಅಂದುಕೊಂಡೆವು. ಎರಡು ವಾರ ಅಜ್ಜಿ ಪಕ್ಕ, ತಂಗಿ ಪಕ್ಕ ಮಲಗಿ ವಾಪಸ್ಸು ಹೋದ. ನವೆಂಬರ್ ಮಧ್ಯದ ಹೊತ್ತಿಗೆ ಐದು ವರ್ಷದ ಮಗಳಿಗೂ ನನಗೂ ನವೆ ಶುರುವಾಯಿತು. ಹಗಲೆಲ್ಲ ಪರವಾಗಿಲ್ಲ. ರಾತ್ರಿ ಹೊದ್ದು ಮೈ ಬಿಸಿಯಾಯಿತು ಅನ್ನುವಷ್ಟರಲ್ಲಿ ಬೆರಳ ಸಂದಿ, ಮಣಿಕಟ್ಟು, ಹೊಕ್ಕಳ ಸುತ್ತ ಎಲ್ಲಾ ಕಡೆ ಒಟ್ಟಿಗೆ ಕಡಿತ.

ಮೊದಲು ನೋಡಬೇಕಾದ್ದು

ಮೊಬೈಲಿನ ಟಾರ್ಚ್ ಹಾಕಿ, ಬೆಳಕು ಮೇಲಿಂದ ಬೀಳದೆ ಓರೆಯಾಗಿ ಬೀಳುವ ಹಾಗೆ ಹಿಡಿದು, ಬೆರಳುಗಳ ಮಧ್ಯದ ಸಂದಿ ನೋಡಿ. ಕೂದಲೆಳೆಯ ದಪ್ಪದ, ಸ್ವಲ್ಪ ಅಂಕುಡೊಂಕಾದ ಬೂದು ಅಥವಾ ಬೆಳ್ಳನೆಯ ಗೆರೆ ಇದ್ದರೆ ಅದೇ ಕಜ್ಜಿ ಹುಳ ಚರ್ಮದಲ್ಲಿ ಕೊರೆದ ಬಿಲ. ಉದ್ದ ಅರ್ಧ ಸೆಂಟಿಮೀಟರು ಆಸುಪಾಸು. ಕೆಲವು ಸಲ ಒಂದು ತುದಿಯಲ್ಲಿ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಕಾಣುತ್ತದೆ. ಮಣಿಕಟ್ಟಿನ ಒಳಭಾಗ, ಮೊಣಕೈ, ಕಂಕುಳ, ಸೊಂಟದ ಪಟ್ಟಿ ಕೂರುವ ಜಾಗ, ಕುಂಡಿ, ಗಂಡಸರಲ್ಲಿ ಜನನಾಂಗ, ಹೆಂಗಸರಲ್ಲಿ ಮೊಲೆತೊಟ್ಟಿನ ಸುತ್ತ, ಇವೂ ಅದರ ಇಷ್ಟದ ಜಾಗಗಳು. ಎಳೆಮಕ್ಕಳಲ್ಲಿ ಅಂಗೈ, ಅಂಗಾಲು, ತಲೆಯಲ್ಲೂ ಬರುತ್ತದೆ.

ಗೆರೆ ಸರಿಯಾಗಿ ಕಾಣದಿದ್ದರೆ ಹಳೇ ಉಪಾಯ ಒಂದಿದೆ. ಅನುಮಾನ ಇರುವ ಜಾಗಕ್ಕೆ ಫೌಂಟನ್ ಪೆನ್ನಿನ ಶಾಯಿ ಬಳಿದು, ಒಂದು ನಿಮಿಷ ಬಿಟ್ಟು, ಸ್ಪಿರಿಟ್ ಹತ್ತಿಯಲ್ಲಿ ಒರೆಸಬೇಕು. ಮೇಲಿನ ಶಾಯಿ ಹೋಗುತ್ತದೆ, ಬಿಲದೊಳಗೆ ಇಳಿದದ್ದು ನೀಲಿ ಗೆರೆಯಾಗಿ ಉಳಿಯುತ್ತದೆ. ಆದರೆ ಬಿಲ ಸಿಗಲಿಲ್ಲ ಅಂದರೆ ಕಜ್ಜಿ ಅಲ್ಲ ಅಂತಲ್ಲ. ಕೆರೆದು ಕೆರೆದು ಗೆರೆಗಳೇ ಕಿತ್ತುಹೋಗಿರುತ್ತವೆ, ಗಾಯ ಮಾತ್ರ ಉಳಿದಿರುತ್ತದೆ. ರಾತ್ರಿ ಜಾಸ್ತಿಯಾಗುವ ನವೆ ಮತ್ತು ಮನೆಯಲ್ಲಿ ಇನ್ನೊಬ್ಬರಿಗೂ ಅದೇ ನವೆ, ಈ ಎರಡು ಸೇರಿದರೆ ಡಾಕ್ಟರ ಅನುಮಾನ ಮುಕ್ಕಾಲು ಭಾಗ ಕಜ್ಜಿಯ ಮೇಲೇ ಹೋಗುತ್ತದೆ. ನಮ್ಮ ಡಾಕ್ಟರು ನನ್ನ ಕೈ ನೋಡಿದ ಮೇಲೆ ಕೇಳಿದ ಮೊದಲ ಪ್ರಶ್ನೆಯೇ "ಮನೇಲಿ ಎಷ್ಟು ಜನ ಇದ್ದೀರಮ್ಮ?" ಅಂತ.

ಡಾಕ್ಟರ ಹತ್ತಿರ ಹೋಗುವ ಮುಂಚೆ ನಾನೂ ಎಲ್ಲರ ಹಾಗೆ ಮೆಡಿಕಲ್ ಶಾಪಿಗೆ ಹೋಗಿದ್ದೆ. "ಇಚ್ಚಿಂಗ್‌ಗೆ ಒಂದು ಟ್ಯೂಬ್ ಕೊಡಿ" ಅಂದೆ, ಕೊಟ್ಟರು. ಹಚ್ಚಿದ ಎರಡೇ ದಿನಕ್ಕೆ ಕೆಂಪು ಕಮ್ಮಿ, ನವೆಯೂ ಕಮ್ಮಿ. ಎಷ್ಟು ಖುಷಿ! ಹತ್ತು ದಿನ ಕಳೆದ ಮೇಲೆ ನೋಡಿದರೆ ಹೊಟ್ಟೆಗೂ ತೊಡೆಗೂ ಹರಡಿತ್ತು. ಅದರಲ್ಲಿ ಇದ್ದದ್ದು ಸ್ಟೀರಾಯ್ಡ್, ಜೊತೆಗೆ ಫಂಗಸ್ಸಿನ ಔಷಧಿ. ಸ್ಟೀರಾಯ್ಡ್ ಚರ್ಮದ ಸಿಟ್ಟನ್ನು ಅಡಗಿಸುತ್ತದೆ, ಹುಳವನ್ನು ಮುಟ್ಟುವುದಿಲ್ಲ. ಮೇಲೆ ಎಲ್ಲಾ ಶಾಂತ, ಒಳಗೆ ಸಂಸಾರ ಬೆಳೆಯುತ್ತಾ ಇರುತ್ತದೆ. ಆಮೇಲೆ ಡಾಕ್ಟರಿಗೂ ಗುರುತು ಹಿಡಿಯುವುದು ಕಷ್ಟ.

ಇಬ್ಬರಿಗೆ ಹಚ್ಚಿದರೆ ಯಾಕೆ ಸಾಲದು

ತೆಂಗಿನಕಾಯಿಗೆ ಬರುವ ನುಸಿ ನಮ್ಮ ಕಡೆ ಎಲ್ಲರಿಗೂ ಗೊತ್ತು. ಕಜ್ಜಿ ಹುಳವೂ ಅದರ ದೂರದ ನೆಂಟ, ಇದೂ ನುಸಿಯೇ, ಹೆಸರು ಸಾರ್ಕಾಪ್ಟಿಸ್ ಸ್ಕೇಬಿಯೈ. ಹೆಣ್ಣು ನುಸಿ ಅರ್ಧ ಮಿಲಿಮೀಟರಿಗಿಂತ ಚಿಕ್ಕದು. ಚರ್ಮದ ತೀರಾ ಮೇಲಿನ ಪದರದಲ್ಲಿ ಬಿಲ ಕೊರೆಯುತ್ತಾ ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತದೆ. ಮೊಟ್ಟೆ 3–4 ದಿನಕ್ಕೆ ಒಡೆಯುತ್ತದೆ, ಮರಿ ಸುಮಾರು ಎರಡು ವಾರಕ್ಕೆ ದೊಡ್ಡದಾಗುತ್ತದೆ. ಮೈಮೇಲೆಲ್ಲಾ ನವೆ ಇದ್ದರೂ ಸಾಮಾನ್ಯವಾಗಿ ಒಬ್ಬರ ಮೈಮೇಲೆ ಇರುವುದು ಹತ್ತು ಹದಿನೈದು ನುಸಿ ಅಷ್ಟೇ. ಮೊದಲು ಇದನ್ನು ಕೇಳಿದಾಗ ನಂಬಲಿಲ್ಲ.

ಹಾಗಾದರೆ ಇಷ್ಟೊಂದು ನವೆ ಯಾಕೆ? ಯಾಕೆಂದರೆ ನವೆ ಬರುವುದು ಹುಳ ಕಚ್ಚುವುದರಿಂದಲ್ಲ, ಅದರ ಮೈ, ಮೊಟ್ಟೆ, ಹಿಕ್ಕೆಗೆ ನಮ್ಮ ದೇಹಕ್ಕೆ ಅಲರ್ಜಿ ಆಗುವುದರಿಂದ. ಆ ಅಲರ್ಜಿ ಹುಟ್ಟುವುದಕ್ಕೆ ಟೈಮ್ ಬೇಕು. ಜೀವನದಲ್ಲಿ ಮೊದಲ ಸಲ ಕಜ್ಜಿ ಹತ್ತಿದವರಿಗೆ ನವೆ ಕಾಣಿಸಿಕೊಳ್ಳುವುದಕ್ಕೆ ನಾಲ್ಕರಿಂದ ಆರು ವಾರ ಹಿಡಿಯಬಹುದು. ಅಷ್ಟೂ ದಿನ ಅವರು ಆರಾಮಾಗಿ ನಿದ್ದೆ ಮಾಡುತ್ತಾ ಪಕ್ಕದಲ್ಲಿ ಮಲಗಿದವರಿಗೆ ಹುಳ ಹಂಚುತ್ತಿರುತ್ತಾರೆ. ಮೊದಲೇ ಒಮ್ಮೆ ಆಗಿದ್ದವರಿಗೆ ಮತ್ತೆ ಹತ್ತಿದರೆ ಒಂದೆರಡು ದಿನಕ್ಕೇ ನವೆ ಶುರು.

ಈಗ ನಮ್ಮ ಮನೆಯ ಲೆಕ್ಕ ನೋಡಿ. ಅಕ್ಟೋಬರಿನಲ್ಲಿ ಮಗನಿಂದ ಮಗಳಿಗೂ ನನಗೂ ಅತ್ತೆಗೂ ಹತ್ತಿತು. ನನ್ನಿಂದ ನನ್ನ ಗಂಡನಿಗೆ ಆಮೇಲೆ ಯಾವಾಗಲೋ ಹತ್ತಿರಬೇಕು. ಡಿಸೆಂಬರ್ ಮೊದಲ ವಾರ ನಾನೂ ಮಗಳೂ ಔಷಧಿ ಹಚ್ಚಿಕೊಂಡೆವು. ಡಾಕ್ಟರು ಎಲ್ಲರಿಗೂ ಅಂತಲೇ ಬರೆದುಕೊಟ್ಟಿದ್ದರು. ಆದರೆ ಇವರು "ನಂಗೇನು ಆಗಿಲ್ಲ, ಸುಮ್ನೆ ದುಡ್ಡು ದಂಡ" ಅಂದರು. ಅತ್ತೆ ತಮ್ಮ ನವೆಗೆ "ಚಳಿಗೆ ಮೈ ಒಡೆದಿದೆ ಕಣಮ್ಮ" ಅಂತ ಕೊಬ್ಬರಿ ಎಣ್ಣೆ ಹಚ್ಚಿಕೊಂಡರು. ನಮ್ಮಿಬ್ಬರ ಮೈ ಸ್ವಚ್ಛ ಆಯಿತು, ಅವರಿಬ್ಬರ ಮೈಮೇಲಿನ ಹುಳ ಹಾಗೇ ಉಳಿಯಿತು. ಎರಡು ವಾರ ಕಳೆಯುವುದರೊಳಗೆ ಮತ್ತೆ ನನ್ನ ಬೆರಳ ಸಂದಿಯಲ್ಲಿ ಹೊಸ ಗೆರೆ. ಅಷ್ಟರಲ್ಲಿ ಇವರೂ ರಾತ್ರಿ ಎದ್ದು ಕೂತು ಕೆರೆದುಕೊಳ್ಳುತ್ತಿದ್ದರು. ನಾನು ಏನೂ ಮಾತಾಡಲಿಲ್ಲ!

ಯಾರ್ಯಾರು ಲೆಕ್ಕಕ್ಕೆ

ಒಂದು ಪೇಪರ್ ತೆಗೆದುಕೊಂಡು ಹೆಸರು ಬರೆಯಿರಿ. ಒಂದೇ ಸೂರಿನಡಿ ಮಲಗುವವರೆಲ್ಲ, ನವೆ ಇರಲಿ ಇಲ್ಲದಿರಲಿ. ಕಳೆದ ಒಂದೂವರೆ ತಿಂಗಳಲ್ಲಿ ಬಂದು ಜೊತೆಯಲ್ಲಿ ಮಲಗಿದ ನೆಂಟರು. ವಾರಕ್ಕೊಮ್ಮೆ ಮನೆಗೆ ಬರುವ ಗಂಡ ಅಥವಾ ಹೆಂಡತಿ. ಮಗುವನ್ನು ದಿನಾ ಎತ್ತಿ ಆಡಿಸುವ, ಸ್ನಾನ ಮಾಡಿಸುವ ಕೆಲಸದವರು. ಕೈ ಕುಲುಕಿದವರು, ಬಸ್ಸಿನಲ್ಲಿ ಪಕ್ಕ ಕೂತವರು ಬೇಡ. ಚರ್ಮಕ್ಕೆ ಚರ್ಮ ತಾಗಿ ಸ್ವಲ್ಪ ಹೊತ್ತಾದರೂ ಇರಬೇಕು, ಹತ್ತು ನಿಮಿಷ ಕಾಲು ಗಂಟೆ ಅಂದುಕೊಳ್ಳಿ. ನಾಯಿಯೂ ಬೇಡ. ನಾಯಿ ಕಜ್ಜಿಯ ಹುಳ ಬೇರೆ ಬಗೆಯದು, ನಮಗೆ ಕೆಲವು ದಿನ ಕಡಿತ ಕೊಡಬಹುದು, ಆದರೆ ನಮ್ಮ ಮೈಮೇಲೆ ಸಂಸಾರ ಹೂಡುವುದಿಲ್ಲ.

ನಮ್ಮ ಪಟ್ಟಿ ಎಂಟಕ್ಕೆ ಬಂತು. ನಾನು, ಇವರು, ಅತ್ತೆ, ಮಗ, ಮಗಳು, ಬಾಣಂತನಕ್ಕೆ ಬಂದಿದ್ದ ನಾದಿನಿ, ಅವಳ ಐದು ತಿಂಗಳ ಕೂಸು. ಎಂಟನೆಯವರು ನಾದಿನಿಯ ಗಂಡ, ತುಮಕೂರಿನಲ್ಲಿ ಕೆಲಸ, ಶನಿವಾರ ಬಂದು ಸೋಮವಾರ ಹೋಗುತ್ತಿದ್ದರು. ಅವರನ್ನು ಮರೆತಿದ್ದರೆ ಕಥೆ ಮೂರನೇ ಸಲವೂ ನಡೆಯುತ್ತಿತ್ತು. ಭಾವನಿಗೆ ಫೋನ್ ಮಾಡಿ "ನಿಮಗೂ ಕಜ್ಜಿ ಔಷಧಿ ಹಚ್ಚಬೇಕು" ಅನ್ನುವುದು ಎಷ್ಟು ಮುಜುಗರ ಗೊತ್ತಾ? ಇವರ ಕೈಲೇ ಹೇಳಿಸಿದೆ.

ಹಾಸ್ಟೆಲಿನ ವಾರ್ಡನ್ನಿಗೂ ಹೇಳಿದೆವು. ಮಗನ ರೂಮಿನ ಹುಡುಗರಿಗೆಲ್ಲ ಔಷಧಿ ಆಗದಿದ್ದರೆ ಅವನು ಹೋದ ವಾರಕ್ಕೇ ಮತ್ತೆ ಹತ್ತಿಸಿಕೊಂಡು ಬರುತ್ತಾನೆ.

ಎಷ್ಟು ತರಬೇಕು

ನಮಗೆ ಬರೆದುಕೊಟ್ಟದ್ದು ಪರ್ಮೆಥ್ರಿನ್ 5% ಕ್ರೀಮ್. ಈಗ ಹೆಚ್ಚಾಗಿ ಇದನ್ನೇ ಕೊಡುತ್ತಾರೆ. ದೊಡ್ಡವರೊಬ್ಬರಿಗೆ ಒಂದು ಸಲಕ್ಕೆ 30 ಗ್ರಾಂ ಬೇಕು, ಅಂದರೆ 30 ಗ್ರಾಮಿನ ಒಂದು ಟ್ಯೂಬ್ ಪೂರ್ತಿ. ಜನ ತಪ್ಪುವುದೇ ಇಲ್ಲಿ. ಒಂದು ಟ್ಯೂಬ್ ತಂದು ಮನೆಯವರೆಲ್ಲ ನವೆ ಇದ್ದ ಜಾಗಕ್ಕೆ ಅಷ್ಟಷ್ಟು ಸವರಿಕೊಳ್ಳುತ್ತಾರೆ. ಅದರಿಂದ ಏನೂ ಆಗುವುದಿಲ್ಲ.

ನಮ್ಮ ಲೆಕ್ಕ: ಹದಿಮೂರರ ಮಗನನ್ನೂ ಸೇರಿಸಿ ಆರು ಜನಕ್ಕೆ 180 ಗ್ರಾಂ. ಮಗಳಿಗೆ ಸುಮಾರು ಎಂಟು ಹತ್ತು ಗ್ರಾಂ, ಕೂಸಿಗೆ ಟ್ಯೂಬಿನ ಎಂಟನೇ ಒಂದು ಭಾಗ, ನಾಲ್ಕು ಗ್ರಾಮಿಗೂ ಕಮ್ಮಿ. ಒಟ್ಟು 194 ಹತ್ತಿರ. ಏಳು ಟ್ಯೂಬ್. ಒಂದು ವಾರ ಬಿಟ್ಟು ಮತ್ತೆ ಹಚ್ಚಬೇಕು, ಹಾಗಾಗಿ ಹದಿನಾಲ್ಕು. ಒಂದೇ ಸಲ ತಂದಿಟ್ಟುಕೊಳ್ಳಿ. ಆಮೇಲೆ ತಂದರಾಯಿತು ಅಂದುಕೊಂಡರೆ ನವೆ ಕಮ್ಮಿಯಾದ ಮೇಲೆ ಯಾರೂ ಅಂಗಡಿಗೆ ಹೋಗುವುದಿಲ್ಲ.

ಎರಡು ತಿಂಗಳಿಗಿಂತ ಚಿಕ್ಕ ಕೂಸು ಇದ್ದರೆ ನೀವಾಗಿ ಹಚ್ಚಬೇಡಿ, ಡಾಕ್ಟರು ಬೇರೆ ಔಷಧಿ ಹೇಳುತ್ತಾರೆ, ಎಷ್ಟೋ ಸಲ ಗಂಧಕದ ಮುಲಾಮು. ಬಸುರಿಯರೂ ಕೇಳಿಯೇ ಹಚ್ಚಬೇಕು. ಮೊದಲೆಲ್ಲ ತುಂಬಾ ಕೊಡುತ್ತಿದ್ದ ಗಾಮಾ ಬೆಂಜೀನ್ ಲೋಷನ್ ಹಳೇ ಬಾಟಲಿ ಮನೆಯಲ್ಲಿ ಇದ್ದರೆ ಮಕ್ಕಳಿಗೆ ಮುಟ್ಟಿಸಬೇಡಿ, ಅದು ಮೈಗೆ ಹೀರಿ ಫಿಟ್ಸ್ ಬರಿಸಿದ ಉದಾಹರಣೆಗಳಿವೆ.

ಮಾತ್ರೆಯೂ ಇದೆ, ಐವರ್ಮೆಕ್ಟಿನ್. ತೂಕದ ಮೇಲೆ ಡೋಸು, ಕೆಜಿಗೆ 0.2 ಮಿಲಿಗ್ರಾಂ. ಅರವತ್ತು ಕೆಜಿಯವರಿಗೆ 12 ಮಿಲಿಗ್ರಾಂ, ಒಂದರಿಂದ ಎರಡು ವಾರ ಬಿಟ್ಟು ಇನ್ನೊಂದು ಸಲ. ಅದು ಮೊಟ್ಟೆಯನ್ನು ಕೊಲ್ಲುವುದಿಲ್ಲ, ಎರಡನೇ ಡೋಸು ಅದಕ್ಕೇ. ಹದಿನೈದು ಕೆಜಿಗಿಂತ ಕಮ್ಮಿ ತೂಕದ ಮಕ್ಕಳಿಗೆ, ಬಸುರಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಡಾಕ್ಟರ ಚೀಟಿ ಇಲ್ಲದೆ ನುಂಗಬೇಡಿ. ನಮ್ಮಲ್ಲಿ ಅತ್ತೆಗೆ ಮಾತ್ರ ಕ್ರೀಮಿನ ಜೊತೆ ಮಾತ್ರೆಯನ್ನೂ ಕೊಟ್ಟರು.

ಬೇವು, ಅರಿಶಿನ, ಹೊಂಗೆ ಎಣ್ಣೆ? ಅತ್ತೆ ಎಲ್ಲಾ ಮಾಡಿದ್ದರು. ತಂಪು ಅನಿಸುತ್ತದೆ. ಮನೆಯಲ್ಲಿ ಎಂಟು ಜನ ಇರುವಾಗ ಅದನ್ನೇ ನೆಚ್ಚಿಕೊಂಡು ಕೂರುವ ಧೈರ್ಯ ನನಗಿಲ್ಲ.

ಆ ರಾತ್ರಿ

ಶನಿವಾರ ಇಟ್ಟುಕೊಂಡೆವು. ಮಗ ಕ್ರಿಸ್‌ಮಸ್ ರಜೆಗೆ ಬಂದಿದ್ದ, ತುಮಕೂರಿನವರೂ ಬಂದಿದ್ದರು.

ಸಂಜೆ ಎಲ್ಲರ ಉಗುರು ಗಿಡ್ಡಕ್ಕೆ ಕತ್ತರಿಸಿದೆವು. ಕೆರೆದ ಹುಳ, ಮೊಟ್ಟೆ ಉಗುರಿನಡಿ ಇರುತ್ತದೆ. ಬಿಸಿನೀರು ಸ್ನಾನ ಮಾಡಿದ ತಕ್ಷಣ ಹಚ್ಚಬಾರದು, ಮೈ ಬಿಸಿ ಇದ್ದರೆ ಔಷಧಿ ಚರ್ಮದ ಮೇಲ್ಪದರದಲ್ಲಿ ನಿಲ್ಲದೆ ಒಳಕ್ಕೆ ಹೀರುತ್ತದೆ. ನಮಗೆ ಹುಳ ಇರುವುದು ಮೇಲ್ಪದರದಲ್ಲಿ ಅಲ್ವಾ? ಹಾಗಾಗಿ ಮೈ ತಣ್ಣಗಿರಬೇಕು, ಪೂರ್ತಿ ಒಣಗಿರಬೇಕು.

ಊಟ, ಪಾತ್ರೆ ಎಲ್ಲಾ ಮುಗಿಸಿ ಎಂಟೂವರೆಗೆ ಶುರು. ಉಂಗುರ, ಬಳೆ, ಕಾಲುಂಗುರ, ವಾಚು ತೆಗೆದಿಡಿ. ತಾಳಿ ತೆಗೆಯುವುದಕ್ಕೆ ಮನಸ್ಸಿಲ್ಲದವರು ಸರಿಸಿ ಅದರ ಕೆಳಗೂ ಹಚ್ಚಿ. ಉಡುದಾರವನ್ನು ಮರೆಯುವವರೇ ಜಾಸ್ತಿ. ಸೊಂಟದ ಸುತ್ತ ದಾರದ ಅಡಿಯಲ್ಲೇ ಹುಳಕ್ಕೆ ಬೆಚ್ಚಗಿನ ಮನೆ. ಹಳೇದು ಕತ್ತರಿಸಿ ಬಿಸಾಕಿ ಆಮೇಲೆ ಹೊಸದು ಕಟ್ಟಿಕೊಳ್ಳಿ.

ಕಿವಿಯ ಹಿಂದಿನಿಂದ, ಕುತ್ತಿಗೆಯಿಂದ ಕೆಳಕ್ಕೆ ಅಂಗಾಲಿನವರೆಗೆ ಒಂದಿಂಚೂ ಬಿಡದೆ ಹಚ್ಚಬೇಕು. ನವೆ ಇರುವ ಜಾಗ, ಇಲ್ಲದ ಜಾಗ ಅನ್ನುವ ಭೇದ ಇಲ್ಲ. ಬೆರಳ ಸಂದಿ, ಉಗುರಿನಡಿ, ಕಂಕುಳ, ಹೊಕ್ಕಳ ಒಳಗೆ, ಮೊಲೆಯ ಕೆಳಗಿನ ಮಡಿಕೆ, ತೊಡೆಸಂದಿ, ಜನನಾಂಗದ ಹೊರಭಾಗ, ಕುಂಡಿಯ ಸಂದಿ, ಕಾಲ್ಬೆರಳ ಸಂದಿ. ಬೆನ್ನು ಒಬ್ಬರಿಗೊಬ್ಬರು ಹಚ್ಚಿ. ಎರಡು ವರ್ಷದೊಳಗಿನ ಮಕ್ಕಳಿಗೆ, ವಯಸ್ಸಾದವರಿಗೆ ತಲೆ, ಮುಖ, ಕಿವಿಗೂ ಹಚ್ಚಬೇಕು, ಕಣ್ಣು ಬಾಯಿ ಬಿಟ್ಟು. ಹಾಗಾಗಿ ಅತ್ತೆಗೂ ಕೂಸಿಗೂ ತಲೆಗೂ ಹಚ್ಚಿದೆವು. ಕೂಸು ಕೈ ಚೀಪುತ್ತದೆ ಅಂತ ಕಾಲುಚೀಲವನ್ನೇ ಕೈಗೆ ಹಾಕಿದೆವು. ನಾದಿನಿ ಹಾಲುಣಿಸುವ ಮುಂಚೆ ಪ್ರತಿ ಸಲ ತೊಟ್ಟು ತೊಳೆದು, ಆಮೇಲೆ ಅಲ್ಲಿಗೆ ಮತ್ತೆ ಹಚ್ಚಿಕೊಳ್ಳಬೇಕಾಯಿತು.

ಎಂಟರಿಂದ ಹದಿನಾಲ್ಕು ಗಂಟೆ ಮೈಮೇಲೆ ಇರಬೇಕು. ಮಧ್ಯರಾತ್ರಿ ಬಾತ್‌ರೂಮಿಗೆ ಹೋಗಿ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಿ. ಇದು ತೀರಾ ಸಣ್ಣ ವಿಷಯ ಅನಿಸುತ್ತದೆ, ಆದರೆ ಹುಳ ಹೆಚ್ಚಾಗಿ ಇರುವುದೇ ಕೈಯಲ್ಲಿ. ಅದಕ್ಕೇ ಕ್ರೀಮ್ ಸ್ವಲ್ಪ ಉಳಿಸಿ ತಲೆದಿಂಬಿನ ಹತ್ತಿರ ಇಟ್ಟುಕೊಂಡಿದ್ದೆವು. ಸ್ವಲ್ಪ ಉರಿ, ಚುಮುಚುಮು ಆಗುತ್ತದೆ, ಗಾಬರಿ ಬೇಡ.

ಬಟ್ಟೆ, ಹಾಸಿಗೆ

ಬೆಳಿಗ್ಗೆ ಎಂಟೂವರೆಗೆ ಎಲ್ಲರೂ ಸ್ನಾನ ಮಾಡಿ ಒಗೆದ ಬಟ್ಟೆ ಹಾಕಿಕೊಂಡರು. ಹಿಂದಿನ ಮೂರು ದಿನ ಉಟ್ಟ ಬಟ್ಟೆ, ಟವೆಲ್, ಬೆಡ್‌ಶೀಟ್, ದಿಂಬಿನ ಕವರ್ ಎಲ್ಲಾ ಹಂಡೆಯ ಸುಡುನೀರಿನಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹಾಕಿದೆವು. 50 ಡಿಗ್ರಿಯಲ್ಲಿ ಹತ್ತು ನಿಮಿಷ ಇದ್ದರೆ ಹುಳ ಸಾಯುತ್ತದೆ. ಮೈಬಿಟ್ಟು ಎರಡು ಮೂರು ದಿನಕ್ಕಿಂತ ಜಾಸ್ತಿ ಅದು ಬದುಕುವುದೂ ಇಲ್ಲ. ಹಾಗಾಗಿ ಕಂಬಳಿ, ಸ್ವೆಟರು, ಮಗಳ ಗೊಂಬೆಗಳನ್ನು ದೊಡ್ಡ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಅಟ್ಟದ ಮೇಲಿಟ್ಟೆವು. ಹಾಸಿಗೆ ಬಿಸಿಲಿಗೆ ಹಾಕಿದರೆ ಸಾಕು. ಸುಡುವುದು, ಎಸೆಯುವುದು, ಮನೆಗೆಲ್ಲ ಕೀಟನಾಶಕ ಹೊಡೆಯುವುದು ಯಾವುದೂ ಬೇಡ.

ಒಗೆಯುವುದರಲ್ಲೇ ಸುಸ್ತಾಗಿ ಎರಡನೇ ಸಲ ಕ್ರೀಮ್ ಹಚ್ಚದೆ ಬಿಟ್ಟವರನ್ನು ನೋಡಿದ್ದೇನೆ, ಅದಕ್ಕೇ ಈ ಮಾತು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಕೆನೆತ್ ಮೆಲ್ಲನ್‌ಬಿ ಅನ್ನುವ ವಿಜ್ಞಾನಿ ಇದನ್ನೇ ಪರೀಕ್ಷೆ ಮಾಡಿದ್ದರು. ಕಜ್ಜಿ ಇದ್ದ ಸೈನಿಕರು ಹೊದ್ದ ಕಂಬಳಿಗಳನ್ನು ತೊಳೆಯದೆ ಹಾಗೇ ತಂದು ಸ್ವಯಂಸೇವಕರನ್ನು ಅದರಲ್ಲಿ ಮಲಗಿಸಿದರು. ಕಜ್ಜಿ ಹತ್ತಿದ್ದು ಕೆಲವೇ ಕೆಲವರಿಗೆ. ಹುಳ ಹರಡುವುದು ಮುಖ್ಯವಾಗಿ ಮೈಯಿಂದ ಮೈಗೆ. ಬಟ್ಟೆ ಒಗೆಯಿರಿ, ಆದರೆ ಶಕ್ತಿ ಉಳಿಸಿಕೊಳ್ಳಿ.

ಮುಂದಿನ ಶನಿವಾರ, ಮತ್ತೆ ಆಮೇಲೆ

ಏಳನೇ ದಿನ ಅದೇ ಎಂಟು ಜನ, ಅದೇ ಕೆಲಸ. ಮೊದಲ ಸಲ ತಪ್ಪಿಸಿಕೊಂಡ ಮೊಟ್ಟೆಗಳು ಅಷ್ಟರಲ್ಲಿ ಒಡೆದಿರುತ್ತವೆ, ಮರಿಗಳು ಇನ್ನೂ ಮೊಟ್ಟೆ ಇಡುವಷ್ಟು ಬೆಳೆದಿರುವುದಿಲ್ಲ. ಆ ಸಂದಿನಲ್ಲಿ ಹಿಡಿಯಬೇಕು. ಮಕ್ಕಳನ್ನು ಸ್ಕೂಲಿಗೆ ಕಳಿಸುವುದಕ್ಕೆ ಎರಡನೇ ಸಲದವರೆಗೆ ಕಾಯುವುದು ಬೇಡ, ಸಾಮಾನ್ಯ ಕಜ್ಜಿಯಾದರೆ ಮೊದಲ ಸಲ ಹಚ್ಚಿ ತೊಳೆದ ಮಾರನೇ ದಿನದಿಂದ ಹೋಗಬಹುದು.

ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ಹುಳ ಸತ್ತ ಮೇಲೂ ಎರಡರಿಂದ ನಾಲ್ಕು ವಾರ ನವೆ ಇರುತ್ತದೆ. ಸತ್ತ ಹುಳ, ಮೊಟ್ಟೆಯ ಚೂರು ಚರ್ಮದಲ್ಲೇ ಉಳಿದಿರುತ್ತವಲ್ಲ, ಚರ್ಮದ ಜೊತೆ ಉದುರುವವರೆಗೂ ಅಲರ್ಜಿ ನಡೆಯುತ್ತದೆ. ಇದು ಗೊತ್ತಿಲ್ಲದೆ ಔಷಧಿ ಕೆಲಸ ಮಾಡಿಲ್ಲ ಅಂತ ದಿನಾ ಪರ್ಮೆಥ್ರಿನ್ ಹಚ್ಚುವವರಿದ್ದಾರೆ. ಚರ್ಮ ಒಣಗಿ, ಕೆಂಪಾಗಿ, ಆ ಕ್ರೀಮಿನಿಂದಲೇ ಹೊಸ ನವೆ ಶುರುವಾಗುತ್ತದೆ. ನಾವು ಕೊಬ್ಬರಿ ಎಣ್ಣೆ ಹಚ್ಚಿದೆವು, ರಾತ್ರಿ ಡಾಕ್ಟರು ಕೊಟ್ಟ ಅಲರ್ಜಿ ಮಾತ್ರೆ ನುಂಗಿದೆವು.

ಹಾಗಾದರೆ ಹುಳ ನಿಜವಾಗಿ ಉಳಿದಿದೆಯಾ ಅಂತ ತಿಳಿಯುವುದು ಹೇಗೆ? ನವೆ ನೋಡಬೇಡಿ, ಗೆರೆ ನೋಡಿ. ದಿನದಿಂದ ದಿನಕ್ಕೆ ನವೆ ಇಳಿಯುತ್ತಿದ್ದರೆ ಸರಿ. ಹೊಸ ಬಿಲ, ಹೊಸ ಗುಳ್ಳೆ ಏಳುತ್ತಿದ್ದರೆ, ಅಥವಾ ನಾಲ್ಕು ವಾರವಾದರೂ ನವೆ ಹಾಗೇ ಇದ್ದರೆ ಮತ್ತೆ ಡಾಕ್ಟರ ಹತ್ತಿರ ಹೋಗಿ. ಹೋಗುವ ಮುಂಚೆ ಪಟ್ಟಿ ತೆಗೆದು ಯಾರನ್ನು ಬಿಟ್ಟೆವು, ಯಾರು ಸುಳ್ಳು ಹೇಳಿದರು ನೋಡಿ. ಹಚ್ಚಿಕೊಂಡೆ ಅಂತ ಬಾಯಲ್ಲಿ ಹೇಳಿದವರ ಟ್ಯೂಬ್ ಪೂರ್ತಿ ಖಾಲಿಯಾಗಿದೆಯಾ ಅಂತ ನಾನು ಹಿಂಡಿ ನೋಡಿದ್ದೆ.

ಕಾಯದೆ ಹೋಗಬೇಕಾದ ಸಂದರ್ಭಗಳೂ ಇವೆ. ಗಾಯ ಕೀವಾಗಿ, ನೋವು ಜ್ವರ ಬಂದರೆ. ಮಗುವಿನ ಮುಖ ಊದಿಕೊಂಡು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅವತ್ತೇ ಹೋಗಿ. ಕೆರೆದ ಗಾಯಕ್ಕೆ ಸೇರಿದ ಬ್ಯಾಕ್ಟೀರಿಯಾದಿಂದ ಕಿಡ್ನಿಗೆ ತೊಂದರೆ ಆದಾಗ ಹೀಗಾಗುತ್ತದೆ. ವಯಸ್ಸಾದವರು, ಸ್ಟೀರಾಯ್ಡ್ ಮಾತ್ರೆ ತಗೊಳ್ಳುವವರು, ರೋಗ ತಡೆಯುವ ಶಕ್ತಿ ಕಮ್ಮಿ ಇರುವವರ ಕೈಕಾಲಿನಲ್ಲಿ ದಪ್ಪ ಹಕ್ಕಳೆ ಕಟ್ಟಿದ್ದರೆ ಅದು ಬೇರೆಯೇ ಮಟ್ಟದ ಕಜ್ಜಿ. ಅವರಿಗೆ ನವೆ ಅಷ್ಟಾಗಿ ಇಲ್ಲದಿರಬಹುದು, ಆದರೆ ಮೈಮೇಲೆ ಹುಳ ಸಾವಿರಗಟ್ಟಲೆ ಇರುತ್ತದೆ, ಮನೆಮದ್ದಿಗೂ ಎರಡು ಟ್ಯೂಬಿಗೂ ಅದು ಬಗ್ಗುವುದಿಲ್ಲ.

ನಮ್ಮಲ್ಲಿ ಜನವರಿ ಮುಗಿಯುವುದರೊಳಗೆ ಎಲ್ಲರ ನವೆ ನಿಂತಿತು. ಅತ್ತೆಯ ಚಳಿಯ ನವೆಯೂ ಅದರ ಜೊತೆಗೇ ಹೋಯಿತು! ಮಗನಿಗೆ ಮಾತ್ರ ಕಂಕುಳಲ್ಲಿ ಎರಡು ಕಂದು ಗಂಟು ಯುಗಾದಿವರೆಗೂ ಉಳಿದಿದ್ದವು, ಆಗಾಗ ಕಡಿಯುತ್ತಿದ್ದವು. ಹುಳ ಉಳಿದಿದೆ ಅಂತ ಹೆದರಿ ಮತ್ತೆ ತೋರಿಸಿದೆ. ಡಾಕ್ಟರು ಲೆನ್ಸ್ ಹಿಡಿದು ನೋಡಿ, ಇದು ಅಲರ್ಜಿಯ ಗಂಟು, ಒಳಗೆ ಹುಳ ಇಲ್ಲ, ಹೋಗುವುದಕ್ಕೆ ತಿಂಗಳುಗಳು ಹಿಡಿಯುತ್ತವೆ ಅಂದರು. ಬೇಸಿಗೆ ರಜೆಗೆ ಬಂದಾಗ ಇರಲಿಲ್ಲ. ಬಂದ ದಿನವೇ ಬಾಗಿಲಲ್ಲಿ ನಿಲ್ಲಿಸಿ ಬೆರಳ ಸಂದಿ ಟಾರ್ಚ್ ಹಾಕಿ ನೋಡಿದೆ, ಆಮೇಲೆ ಒಳಗೆ ಬಿಟ್ಟೆ.